ಗೃಹಸ್ಥರೊಡನೆ ನಾಲ್ಕು ಮಾತು: ತಡೆಗೋಡೆಯ ಕಂಡಿಗಳನ್ನು ಮುಚ್ಚಬೇಡಿರಿ

ಮಲೆನಾಡಿನ ಸೀಮೆಯಿಂದ ವಾಚಕರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಇಳಿಜಾರಿನಲ್ಲಿರುವ ನಿವೇಶನವೊಂದನ್ನು ಅವರು ಕೊಂಡಿದ್ದಾರೆ. ಮೇಲಣ ಭಾಗದ ಮಣ್ಣನ್ನು ಕಡಿದು ಕೆಳಗೆ ತುಂಬಿ, ಕೆಳಗಣ ಅಂಚಿಗೆ ಕಲ್ಲಿನ ತಡೆಗೋಡೆಯನ್ನು ಕಟ್ಟಿ, ಸಮವಾದ ನೆಲದ ಮೇಲೆ ಮನೆಯನ್ನು ಎಬ್ಬಿಸಬೇಕೆಂಬುದು ಅವರ ಸಂಕಲ್ಪ. ಮೇಸ್ತ್ರಿಯು ಗೋಡೆಯಲ್ಲಿ ಅಲ್ಲಲ್ಲಿ ಕಂಡಿಗಳನ್ನು ಬಿಡಬೇಕೆನ್ನುತ್ತಾನೆ. ಮನೆಯವರಾದರೋ, ಇಷ್ಟೊಂದು ಹಣ ಸುರಿದು ಕಟ್ಟಿದ ಗೋಡೆಯಲ್ಲಿ ತೂತುಗಳೇಕೆ, ಅವುಗಳಲ್ಲಿ ಹಾವು ಹಲ್ಲಿಗಳು ಸೇರವೇ, ಕೆಸರು ನೀರು ಸುರಿದು ಗೋಡೆಯ ಮುಖವು ಕೆಡದೇ ಎಂದು ಆಕ್ಷೇಪಿಸುತ್ತಾರೆ. ಯಾರ ಮಾತನ್ನು ನಡೆಸಬೇಕೆಂದು ಅವರ ಪ್ರಶ್ನೆ.

ಮೇಸ್ತ್ರಿಯ ಮಾತನ್ನೇ ನಡೆಸತಕ್ಕದ್ದು. ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಾಗಿತ್ತು. ಆದರೆ ಇದೇ ಕಂಡಿಗಳ ವಿಷಯದಲ್ಲಿ ನಾವು ಒಮ್ಮೆ ತಿಳಿಯದೆ ಮಾಡಿದ ಅಪರಾಧವೊಂದುಂಟು. ಅದರಿಂದ ನಮ್ಮ ನೆರೆಮನೆಯ ಒಬ್ಬ ವೃದ್ಧೆಯ ಪ್ರಾಣಕ್ಕೇ ಕುತ್ತು ಬರುವುದರಲ್ಲಿತ್ತು. ಆದಕಾರಣ ಕಾರಣವನ್ನೂ ಕ್ರಮವನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳುವೆವು.

ನಮ್ಮ ಮನೆಯೂ ಗುಡ್ಡದ ಇಳಿಜಾರಿನಲ್ಲಿಯೇ ಇದೆ. ನಮ್ಮ ಅಂಗಳದ ಕೆಳಗಣ ಅಂಚಿನಲ್ಲಿ ಎಂಟಡಿ ಎತ್ತರ, ಮೂವತ್ತಡಿ ಉದ್ದದ ಕಲ್ಲಿನ ಗೋಡೆ. ಅದರ ಬುಡದಿಂದ ಹತ್ತು ಮಾರು ದೂರವೂ ಇಲ್ಲದೆ ನೆರೆಯವರ ಅಡಿಗೆಮನೆ. 2009ರಲ್ಲಿ ಗೋಡೆಯನ್ನು ಕಟ್ಟಿದ ಮೇಸ್ತ್ರಿಯು ಆರು ಕಂಡಿಗಳನ್ನು ಬಿಟ್ಟಿದ್ದನು. ಮಳೆಗಾಲದಲ್ಲಿ ಅವುಗಳಿಂದ ಕೆಂಪು ನೀರು ಇಳಿದು ನೆರೆಯವರ ಹಿತ್ತಲಲ್ಲಿ ಹರಡುತ್ತಿತ್ತು. ಆ ಮನೆಯಲ್ಲಿ ಒಬ್ಬರೇ ಇರುವ ವೃದ್ಧೆ ಒಂದು ದಿನ ಬೇಲಿಯ ಬಳಿ ನಿಂತು, “ಮೇಷ್ಟ್ರೇ, ನಿಮ್ಮ ಗೋಡೆಯ ನೀರೆಲ್ಲ ನನ್ನ ಸೌದೆಯ ಮೇಲೆ ಬೀಳುತ್ತದಲ್ಲ, ಏನಾದರೂ ಮಾಡಿಕೊಡಿ” ಎಂದರು. ಅವರ ದೂರು ನ್ಯಾಯವಾದುದೇ. ನಾವು ಮಾಡಿದ ಪರಿಹಾರ ಮಾತ್ರ ಅನ್ಯಾಯವಾಯಿತು. ಮೇಸ್ತ್ರಿಯನ್ನು ಕೇಳದೆ, ಬೇರೊಬ್ಬ ಗಾರೆಯವನನ್ನು ಕರೆಸಿ, ಆರೂ ಕಂಡಿಗಳಿಗೆ ಸಿಮೆಂಟು ಮೆತ್ತಿಸಿ, ಗೋಡೆಗೆ ನಯವಾಗಿ ಗಿಲಾವು ಮಾಡಿಸಿದೆವು. ಹಿತ್ತಲು ಒಣಗಿತು. ನೆರೆಯವರು ಸಂತೋಷಪಟ್ಟು ಹಲಸಿನ ಹಪ್ಪಳವನ್ನು ಕಳುಹಿಸಿದರು.

ಆ ಬಳಿಕ ಕೆಲವು ಮಳೆಗಾಲಗಳು ಏನೂ ಆಗದೆ ಕಳೆದುವು. 2019ನೆಯ ಆಗಸ್ಟ್ ತಿಂಗಳ ಮೊದಲ ವಾರಗಳಲ್ಲಿ ಮಲೆನಾಡಿನಲ್ಲಿ ಸುರಿದ ಮಳೆಯನ್ನು ಅನೇಕ ವಾಚಕರು ಮರೆತಿರಲಾರರು. ಆ ಮಳೆಯ ಮಧ್ಯೆ ಒಂದು ಬೆಳಿಗ್ಗೆ ನಾವು ಅಂಗಳಕ್ಕಿಳಿದು ನೋಡಿದರೆ, ಗೋಡೆಯ ತಲೆಗೂ ಅದರ ಹಿಂದಿನ ಮಣ್ಣಿಗೂ ನಡುವೆ ಎರಡು ಬೆರಳು ತೂರುವಷ್ಟು ಬಿರುಕು. ಮೇಲಿನಿಂದ ತೂಗುಗುಂಡನ್ನು ಇಳಿಬಿಟ್ಟು ನೋಡಲಾಗಿ, ನೆಟ್ಟಗಿದ್ದ ಗೋಡೆಯ ತಲೆಯು ಬುಡಕ್ಕಿಂತ ಎರಡೂವರೆ ಅಂಗುಲ ಮುಂದಕ್ಕೆ ಬಂದಿತ್ತು. ಅದರ ಕೆಳಗೆ ಅಡಿಗೆಮನೆಯ ಹಂಚಿನ ಸಂದಿಗಳಿಂದ ಹೊಗೆ ಏಳುತ್ತಿತ್ತು. ವೃದ್ಧೆಯು ಒಲೆಯ ಮುಂದೆ ಕುಳಿತಿದ್ದರು.

ಅವರನ್ನು ಆ ಕ್ಷಣವೇ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಆಮೇಲೆ, ಹಿಂದೆ ನಮ್ಮ ಕೈಕೆಳಗೆ ಕಲಿತು ಈಗ ಇಂಜಿನಿಯರರಾಗಿರುವ ಒಬ್ಬರಿಗೆ ಹೇಳಿಕಳುಹಿಸಿದೆವು. ಅವರು ಬಂದು, ಗೋಡೆಯನ್ನು ಮುಂದಿನಿಂದ ನೋಡದೆ ಪಕ್ಕದಿಂದ ನೋಡಿ, “ಸಾರ್, ಕಂಡಿಗಳೆಲ್ಲಿ?” ಎಂದು ಕೇಳಿದ ಮೊದಲ ಮಾತಿಗೇ ನಮ್ಮ ತಲೆ ತಗ್ಗಿತು.

ಕಂಡಿಗೂ ಗೋಡೆಯ ವಾಲುವಿಕೆಗೂ ಸಂಬಂಧವೇನು? ಅಂಗಳದಲ್ಲಿ ಒಣ ಮರಳನ್ನು ಸುರಿದರೆ ಅದು ತನಗೆ ಸಹಜವಾದ ಒಂದು ಓರೆಯಲ್ಲಿ ನಿಲ್ಲುವುದಷ್ಟೆ. ಆ ಓರೆಗಿಂತ ಕಡಿದಾಗಿ ಅದನ್ನು ನಿಲ್ಲಿಸಬೇಕಾದರೆ ಏನನ್ನಾದರೂ ಒತ್ತು ಕೊಡಬೇಕು. ತಡೆಗೋಡೆಯು ಆ ಒತ್ತು. ಅದು ಹೊರಬೇಕಾದುದು ಗುಡ್ಡವನ್ನೆಲ್ಲ ಅಲ್ಲ, ತಾನಾಗಿ ಜಾರಬಹುದಾದ ಬೆಣೆಯಾಕಾರದ ಮಣ್ಣನ್ನು ಮಾತ್ರ. ಈ ಬೆಣೆಯ ಲೆಕ್ಕವನ್ನು ಮೊದಲಿಗೆ ವಿಶದವಾಗಿ ಮಾಡಿದವನು ಕೂಲಂಬ್ ಎಂಬ ಫ್ರೆಂಚ್ ಪಂಡಿತ. ವಿದ್ಯುತ್ತಿನ ಪಾಠದಲ್ಲಿ ಮಕ್ಕಳು ಓದುವ ಕೂಲಂಬನೇ ಇವನು. ಮಾರ್ಟಿನೀಕ್ ದ್ವೀಪದಲ್ಲಿ ಸೈನ್ಯದ ಇಂಜಿನಿಯರನಾಗಿ ಕೋಟೆಯನ್ನು ಕಟ್ಟಿಸಿ ಬಂದವನು, ಆ ಅನುಭವದ ಮೇಲೆ 1773ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಭೆಗೆ ತನ್ನ ಪ್ರಬಂಧವನ್ನು ಒಪ್ಪಿಸಿದನು. ಇಂದಿನ ಇಂಜಿನಿಯರರೂ ಆ ದಾರಿಯನ್ನೇ ಹಿಡಿದು ನಡೆಯುತ್ತಾರೆ.

ಮಣ್ಣಿನ ಕಣಗಳು ಒಂದನ್ನೊಂದು ಕಚ್ಚಿ ಹಿಡಿದಿರುತ್ತವೆ. ಆದಕಾರಣ ಮಣ್ಣು ತನ್ನ ಭಾರದ ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ಪಕ್ಕಕ್ಕೆ ಒತ್ತುತ್ತದೆ. ನೀರಿಗೆ ಈ ಕಚ್ಚುವ ಗುಣವಿಲ್ಲ. ಎಷ್ಟು ಆಳವಿದೆಯೋ ಅಷ್ಟು ಭಾರದಿಂದ ಪಕ್ಕಕ್ಕೂ ಪೂರ್ಣವಾಗಿ ಒತ್ತುವುದು ಅದರ ಸ್ವಭಾವ. ಹೀಗೆ ಮಣ್ಣು ನೀರಿಗಿಂತ ಭಾರವಾದುದಾದರೂ, ಗೋಡೆಗೆ ಅದಕ್ಕಿಂತ ಕ್ರೂರವಾದ ಶತ್ರು ನೀರೇ ಆಗಿದೆ.

ಇದನ್ನು ನಮ್ಮ ಗೋಡೆಯ ಮೇಲೆಯೇ ಲೆಕ್ಕ ಹಾಕಿ ತೋರಿಸುವೆವು. ಗೋಡೆಯ ಉದ್ದದಲ್ಲಿ ಒಂದೇ ಒಂದು ಅಡಿಯ ತುಂಡನ್ನು ತೆಗೆದುಕೊಳ್ಳಿರಿ. ಎಂಟಡಿ ಎತ್ತರಕ್ಕೆ ಹಿಂದೆ ಒಣ ಮಣ್ಣಿದ್ದರೆ ಆ ತುಂಡನ್ನು ಮುಂದಕ್ಕೆ ಒತ್ತುವ ಬಲ ಸುಮಾರು 550 ಕಿಲೋ. ಅದೇ ಮಣ್ಣಿನಲ್ಲಿ ತಲೆಯವರೆಗೆ ನೀರು ನಿಂತರೆ, ನೀರಿನಲ್ಲಿ ಮುಳುಗಿ ಹಗುರಾದ ಮಣ್ಣಿನ ಒತ್ತಡವು 300 ಕಿಲೋಗೆ ಇಳಿಯುತ್ತದೆ. ಆದರೆ ನೀರಿನದೇ ಬೇರೆ 900 ಕಿಲೋ ಬಂದು ಕೂಡುತ್ತದೆ. ಒಟ್ಟು 1200 ಕಿಲೋ. ಎಂದರೆ ಎರಡರಷ್ಟಕ್ಕಿಂತಲೂ ಹೆಚ್ಚು.

ಈ ಬಲವು ಬುಡದಿಂದ ಮೂರನೆಯ ಒಂದು ಪಾಲು ಎತ್ತರದಲ್ಲಿ, ಇಲ್ಲಿ ಎರಡಡಿ ಎಂಟು ಅಂಗುಲದಲ್ಲಿ, ನಿಂತು ಒತ್ತಿದಂತೆ ಎಣಿಸಬೇಕು. ಗೋಡೆಯು ತನ್ನ ಮುಂಗಾಲಿನ ಅಂಚನ್ನು ಊರಿಕೊಂಡು ಮುಂದಕ್ಕೆ ಉರುಳಲೆಳಸುತ್ತದೆ. ಅದರ ಸ್ವಂತ ಭಾರವು ಅದನ್ನು ಹಿಂದಕ್ಕೆ ಎಳೆದು ನಿಲ್ಲಿಸುತ್ತದೆ. ಹಾರೆಯಿಂದ ಬಂಡೆಯನ್ನು ಎಬ್ಬಿಸಿದವರಿಗೆ ಇದು ತಿಳಿದ ವಿಷಯ: ಬಲವಷ್ಟೇ ಅಲ್ಲ, ಬಲವು ಎಷ್ಟು ದೂರದಲ್ಲಿ ನಿಂತು ಕೆಲಸ ಮಾಡುತ್ತದೆಂಬುದೂ ಮುಖ್ಯ. ಆದುದರಿಂದ ಎರಡು ಪಕ್ಷಗಳಲ್ಲಿಯೂ ಬಲವನ್ನು ದೂರದಿಂದ ಗುಣಿಸಿ ಹೋಲಿಸಬೇಕು. ಒಣ ಮಣ್ಣು ಉರುಳಿಸುವ ಪಕ್ಷದಲ್ಲಿ 550ನ್ನು ಎರಡೂ ಮುಕ್ಕಾಲಡಿಯ ಒಳಗಿನ ಆ ದೂರದಿಂದ ಗುಣಿಸಿದರೆ ಸುಮಾರು 1450 ಬರುತ್ತದೆ. ನಮ್ಮ ಗೋಡೆಯು ತಲೆಯಲ್ಲಿ ಒಂದೂವರೆ ಅಡಿ, ಬುಡದಲ್ಲಿ ಮೂರಡಿ ಅಗಲ. ಅದರ ಭಾರ, ಅದರ ಹಿಂಬದಿಯ ಓರೆಯ ಮೇಲೆ ಕುಳಿತ ಮಣ್ಣಿನ ಭಾರ, ಇವೆರಡೂ ಸೇರಿ ನಿಲ್ಲಿಸುವ ಪಕ್ಷದಲ್ಲಿ ಸುಮಾರು 2200 ಆಗುತ್ತದೆ. 1450ಕ್ಕೆ ಎದುರಾಗಿ 2200 ಇರುವವರೆಗೆ ಗೋಡೆಗೆ ಭಯವಿಲ್ಲ. ಎಷ್ಟೋ ಬೇಸಗೆಗಳಲ್ಲಿ ಅದು ಅಲುಗದೆ ನಿಂತುದಕ್ಕೆ ಇದೇ ಕಾರಣ.

ನೀರು ತಲೆಯವರೆಗೆ ನಿಂತಾಗ ಉರುಳಿಸುವ ಪಕ್ಷವು 3200 ಆಗುತ್ತದೆ. ಅಷ್ಟು ನಿಲ್ಲಬೇಕೆಂದೂ ಇಲ್ಲ. ಆರಡಿಯವರೆಗೆ ನಿಂತರೆ ಸಾಕು, ಎರಡು ಪಕ್ಷಗಳೂ 2200ರಲ್ಲಿ ಸರಿಸಮನಾಗುತ್ತವೆ. ಅಲ್ಲಿಂದ ಮುಂದೆ ಒಂದೊಂದು ಅಂಗುಲ ನೀರು ಏರಿದಂತೆಲ್ಲ ಗೋಡೆಯು ಸೋಲುತ್ತ ಹೋಗುತ್ತದೆ. ನಾವು ಮುಚ್ಚಿಸಿದ ಆರು ಕಂಡಿಗಳು ತೆರೆದಿದ್ದರೆ ನೀರು ಆರಡಿಗೆ ಏರುತ್ತಲೇ ಇರಲಿಲ್ಲ. ವಾಲಿದ ಗೋಡೆಯು ಆ ದಿನವೇ ಬೀಳದೆ ನಿಂತುದು, ವಾಲುವಾಗ ಬಿರಿದ ಸಂದುಗಳಿಂದ ನೀರು ಹೊರಬಿದ್ದು ಒತ್ತಡವು ತಗ್ಗಿದ್ದರಿಂದ ಎಂದು ನಮ್ಮ ಶಿಷ್ಯರು ವಿವರಿಸಿದರು. ಗೋಡೆಯು ತಾನೇ ತನಗೆ ಕಂಡಿಗಳನ್ನು ಮಾಡಿಕೊಂಡಿತ್ತು.

ಸಂಸ್ಕೃತದಲ್ಲಿ ‘ಸೇತು’ ಎಂಬ ಶಬ್ದವು ಬಂಧಿಸು ಎಂಬರ್ಥದ ಧಾತುವಿನಿಂದ ಬಂದುದು. ಅದಕ್ಕೆ ನೀರನ್ನು ತಡೆಯುವ ಒಡ್ಡು ಎಂಬ ಅರ್ಥವೂ ಉಂಟು, ದಾಟಿಸುವ ಸಂಕ ಎಂಬ ಅರ್ಥವೂ ಉಂಟು. ಬಾಲ್ಯದಲ್ಲಿ ಈ ಎರಡರ್ಥಗಳು ಹೇಗೆ ಕೂಡಿದುವೆಂದು ನಮಗೆ ಆಶ್ಚರ್ಯವಾಗುತ್ತಿತ್ತು. ತಡೆಗೋಡೆಯ ಧರ್ಮವೂ ಹೀಗೆಯೇ ಎರಡು ಬಗೆ: ಮಣ್ಣನ್ನು ತಡೆಯಬೇಕು, ನೀರನ್ನು ದಾಟಿಸಬೇಕು. ನಮ್ಮ ಹಿರಿಯರು ಗಾರೆಯಿಲ್ಲದೆ ಬರಿಯ ಕಲ್ಲನ್ನು ಪೇರಿಸಿ ತೋಟ ಗದ್ದೆಗಳಿಗೆ ಕಟ್ಟಿದ ಕಟ್ಟುಗಳು ತಲೆಮಾರುಗಳ ಕಾಲ ನಿಂತಿರುವುದಕ್ಕೆ, ಅವುಗಳ ಸಂದುಸಂದೂ ಕಂಡಿಯಾಗಿರುವುದು ಒಂದು ಮುಖ್ಯ ಕಾರಣ. ನಾವು ಸಿಮೆಂಟಿನಿಂದ ಸಂದುಗಳನ್ನು ಮುಚ್ಚಿದ ಮೇಲೆ ಆ ಕೆಲಸಕ್ಕೆ ಬೇರೆ ದಾರಿಯನ್ನು ಮಾಡಿಕೊಡಲೇಬೇಕು.

ಆ ದಿನ ಇಂಜಿನಿಯರರು ಹೇಳಿದಂತೆ ನಡೆದುದನ್ನು ಬರೆಯುತ್ತೇವೆ, ಯಾರಿಗಾದರೂ ಉಪಯೋಗವಾದೀತು. ಗೋಡೆಯ ಮುಂದೆ ಯಾರೂ ಸುಳಿಯದಂತೆ ಹಗ್ಗ ಕಟ್ಟಿದೆವು. ಮುಚ್ಚಿದ ಕಂಡಿಗಳನ್ನು ಹಾರೆಯಿಂದ ಒಡೆದು ತೆರೆಯೋಣವೆಂದು ನಾವು ಹೊರಟಾಗ ಅವರು ತಡೆದು, “ವಾಲಿದ ಗೋಡೆಯ ಕೆಳಗೆ ನಿಂತು ಅದನ್ನು ಗುದ್ದಬಾರದು ಸಾರ್. ಮೊದಲು ಮೇಲಿನಿಂದ ನೀರು ಹೋಗುವುದನ್ನು ನಿಲ್ಲಿಸೋಣ” ಎಂದರು. ನಮ್ಮ ಸೂರಿನ ನೀರೂ ಬಚ್ಚಲ ನೀರೂ ಗೋಡೆಯ ಹಿಂದಿನ ಬಾಳೆಯ ಬುಡಗಳಿಗೇ ಹೋಗುತ್ತಿತ್ತೆಂಬುದು ಅಂದು ಲಕ್ಷ್ಯಕ್ಕೆ ಬಂದಿತು. ಎರಡನ್ನೂ ಪೈಪಿನ ಮೂಲಕ ಪಕ್ಕದ ರಸ್ತೆಯ ಚರಂಡಿಗೆ ತಿರುಗಿಸಿದೆವು. ಗೋಡೆಯಿಂದ ಹತ್ತಡಿಯವರೆಗಿನ ನೆಲಕ್ಕೂ ಬಿರುಕಿಗೂ ಟಾರ್ಪಾಲು ಹೊದಿಸಿ ಅಂಚಿಗೆ ಮರಳ ಚೀಲಗಳನ್ನಿಟ್ಟೆವು. ಗೋಡೆಯ ತಲೆಯ ಬಳಿ ರಾಶಿ ಹಾಕಿದ್ದ ಇಟ್ಟಿಗೆಗಳನ್ನು ಮನೆಯ ಆಚೆಗೆ ಸಾಗಿಸಿದೆವು. ಆಮೇಲೆ ದಿನಕ್ಕೆರಡು ಸಲ ಒಂದೇ ಗುರುತಿನಿಂದ ತೂಗುಗುಂಡನ್ನು ಬಿಟ್ಟು ಅಳೆದು ಬರೆದಿಟ್ಟೆವು. ಎರಡೂವರೆ ಅಂಗುಲವಿದ್ದುದು ಮೂರಕ್ಕೆ ಬಂದು ಅಲ್ಲಿಯೇ ನಿಂತಿತು. ವೃದ್ಧೆಯು ಗೌರೀಹಬ್ಬವನ್ನೂ ನಮ್ಮ ಮನೆಯಲ್ಲಿಯೇ ಆಚರಿಸಿದರು.

ವಾಲುವುದಕ್ಕೆ ನೀರೊಂದೇ ಕಾರಣವೆಂದು ತಿಳಿಯಬಾರದು. ಗೋಡೆಯು ಹೇಗೆ ಕೆಟ್ಟಿತೆಂಬುದನ್ನು ನೋಡಿ ಏಕೆ ಕೆಟ್ಟಿತೆಂದು ಸ್ವಲ್ಪ ಮಟ್ಟಿಗೆ ಊಹಿಸಬಹುದು. ಗೋಡೆಯು ಇಡಿಯಾಗಿ ಹಲಗೆಯಂತೆ ಮುಂದಕ್ಕೆ ಬಾಗಿದ್ದರೆ, ಹಿಂದೆ ಒತ್ತಡ ಹೆಚ್ಚಾಗಿದೆ ಅಥವಾ ಮುಂಗಾಲಿನ ಕೆಳಗಿನ ನೆಲವು ಕುಸಿದಿದೆ. ಪಾಯವನ್ನು ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಹಾಕಿದರೆ ಎರಡನೆಯದು ಬಹು ಸುಲಭವಾಗಿ ಸಂಭವಿಸುತ್ತದೆ. ಗೋಡೆಯ ನಡುವು ಮಾತ್ರ ಮುಂದಕ್ಕೆ ಬಂದಿದ್ದರೆ, ಮೇಸ್ತ್ರಿಗಳು ಹೇಳುವಂತೆ ಗೋಡೆ ‘ಹೊಟ್ಟೆ ಬಿಟ್ಟಿದ್ದರೆ’, ಸಾಮಾನ್ಯವಾಗಿ ದೋಷವು ಕಟ್ಟಡದಲ್ಲಿಯೇ ಇದೆ. ಮುಂದಿನ ಸಾಲಿನ ಕಲ್ಲುಗಳನ್ನೂ ಹಿಂದಿನ ಸಾಲಿನ ಕಲ್ಲುಗಳನ್ನೂ ಕೂಡಿಸಿ ಹಿಡಿಯುವ ಉದ್ದಗಲ್ಲುಗಳನ್ನು ಇಡದೆ, ನಡುವೆ ಚೂರುಗಳನ್ನು ತುಂಬಿ ಮುಗಿಸಿರುತ್ತಾರೆ. ಗೋಡೆಯು ನೆಟ್ಟಗೆಯೇ ಇದ್ದು ಬುಡದಲ್ಲಿ ಮುಂದಕ್ಕೆ ಸರಿದಿದ್ದರೆ, ಪಾಯದ ಆಳ ಸಾಲದು, ಅಥವಾ ಮುಂದಿನ ಮಣ್ಣನ್ನು ಯಾರೋ ತೆಗೆದಿದ್ದಾರೆ. ಗೋಡೆಯ ಮುಂದೆ ಚರಂಡಿಯನ್ನೋ ಪೈಪಿನ ಕಾಲುವೆಯನ್ನೋ ಅಗೆಯುವಾಗ ಹೀಗಾಗುವುದುಂಟು.

ಇನ್ನೊಂದು ಕಾರಣವು ಮನೆಯವರೇ ಕೈಯಾರೆ ತಂದುಕೊಳ್ಳುವುದು. ಎಂಟಡಿಗೆಂದು ಕಟ್ಟಿದ ಗೋಡೆಯ ಮೇಲೆ, ಅಂಗಳ ಇನ್ನಷ್ಟು ಸಮವಾಗಲೆಂದು ಎರಡಡಿ ಏರಿಸಿ ಮಣ್ಣು ತುಂಬುತ್ತಾರೆ. ಎತ್ತರವು ಇಮ್ಮಡಿಯಾದರೆ ಒತ್ತುವ ಬಲ ನಾಲ್ಮಡಿಯಾಗುತ್ತದೆ, ಉರುಳಿಸುವ ಪಕ್ಷವು ಎಂಟ್ಮಡಿಯಾಗುತ್ತದೆ. ಎಂಟಡಿಯು ಹತ್ತಡಿಯಾದರೇ ಉರುಳಿಸುವ ಪಕ್ಷವು ಹೆಚ್ಚುಕಡಿಮೆ ಎರಡರಷ್ಟಾಗಿಬಿಡುತ್ತದೆ. ಗೋಡೆಯ ಅಂಚಿಗೇ ಕಾರು ನಿಲ್ಲಿಸುವುದು, ನೀರಿನ ತೊಟ್ಟಿಯನ್ನು ಕಟ್ಟುವುದು, ಇಂಗುಗುಂಡಿ ತೋಡುವುದು, ಇವೂ ಅದೇ ಜಾತಿಯವು. ಇಂಗುಗುಂಡಿಯು ನೀರಿಗೆ ಹಿತವಾದ ಕಾರ್ಯವಾದರೂ ತಡೆಗೋಡೆಯ ಹಿಂದೆ ಅದಕ್ಕೆ ಸ್ಥಳವಿಲ್ಲ.

ಈ ಎಲ್ಲದಕ್ಕಿಂತಲೂ ಭಯಂಕರವಾದ ಚಿಹ್ನೆಯೊಂದಿದೆ. ಗೋಡೆಯ ತಲೆಯ ಬಳಿಯಲ್ಲಲ್ಲ, ಅದರಿಂದ ಹತ್ತು ಇಪ್ಪತ್ತು ಅಡಿ ಮೇಲೆ, ನೆಲದಲ್ಲಿ ಗೋಡೆಗೆ ಸಮಾನಾಂತರವಾಗಿ ಬಿಲ್ಲಿನಂತೆ ಬಿರುಕು ಬಿಟ್ಟರೆ, ಅಲ್ಲಿ ಜಾರುತ್ತಿರುವುದು ಗೋಡೆಯಲ್ಲ, ಗೋಡೆಯನ್ನೂ ಹೊತ್ತುಕೊಂಡು ಗುಡ್ಡವೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಮನೆಗಳನ್ನು ಎಳೆದುಕೊಂಡು ಹೋದುದನ್ನು ನಾಡೆಲ್ಲ ಕಂಡಿದೆ. ಅಂಥ ಜಾರಿಕೆಗೆ ಮನೆಯ ತಡೆಗೋಡೆಯು ಮದ್ದಲ್ಲ. ಬಿರುಕನ್ನು ಕಂಡೊಡನೆ ಮನೆ ಬಿಟ್ಟು ಹೊರಡುವುದೊಂದೇ ದಾರಿ.

ಮಳೆ ನಿಂತು, ಮಣ್ಣು ಆರಿ, ಮಾಘಮಾಸ ಬಂದ ಮೇಲೆ ನಾವು ಗೋಡೆಯನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸಿದೆವು. ಮೊದಲಿನ ಮೇಸ್ತ್ರಿಯನ್ನೇ ಹುಡುಕಿ ತಂದೆವು. ಅವನು ಒಂದು ಮಾತನ್ನೂ ಆಡದೆ, ನಾವು ಮೆತ್ತಿಸಿದ ಸಿಮೆಂಟಿನ ಬಿರಡೆಗಳನ್ನು ಒಂದೊಂದಾಗಿ ತೆಗೆದು ಜಗಲಿಯ ಮೇಲೆ ಸಾಲಾಗಿಟ್ಟನು.

ಮೊದಲು ಹಿಂದಿನ ಮಣ್ಣನ್ನು ಮೇಲಿನಿಂದ ಓರೆಯಾಗಿ ತೆಗೆದು, ಆಮೇಲೆ ಕಲ್ಲುಗಳನ್ನು ತಲೆಯಿಂದ ಕೆಳಕ್ಕೆ ಬಿಚ್ಚಿದರು. ಪಾಯವನ್ನು ಗಟ್ಟಿ ನೆಲ ಸಿಕ್ಕುವವರೆಗೆ, ಮುಂದಿನ ನೆಲದಿಂದ ಎರಡಡಿ ಕೆಳಗೆ ಇಳಿಸಿದರು. ಬುಡದ ಅಗಲವನ್ನು ಮೂರಡಿಯಿಂದ ನಾಲ್ಕೂವರೆ ಅಡಿಗೆ ಹೆಚ್ಚಿಸಿದರು. ಎಂಟಡಿ ಎತ್ತರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಎಂದಾಯಿತು. ಇದರಿಂದ ನಿಲ್ಲಿಸುವ ಪಕ್ಷವು 2200ರಿಂದ 4800ಕ್ಕೆ ಏರಿತು. ಒಂದು ವೇಳೆ ನೀರು ತಲೆಯವರೆಗೆ ನಿಂತು 3200 ಆದರೂ ಕೈಯಲ್ಲಿ ಉಳಿತಾಯವಿರುತ್ತದೆ. ಗೋಡೆಯ ಮುಖವನ್ನು ನೆಟ್ಟಗೆ ಎಬ್ಬಿಸದೆ ಅಡಿಗೆ ಅರ್ಧ ಅಂಗುಲದಂತೆ ಹಿಂದಕ್ಕೆ ಒರಗಿಸಿದರು. ಅಲ್ಪಸ್ವಲ್ಪ ಮುಂದೆ ಬಂದರೂ ಕಣ್ಣಿಗೆ ವಾಲಿದಂತೆ ತೋರದೆಂಬುದು ಅದರ ಇನ್ನೊಂದು ಗುಣ.

ಕಂಡಿಗಳಿಗೆ ನಾಲ್ಕಂಗುಲದ ಪೈಪಿನ ತುಂಡುಗಳನ್ನು ಕಲ್ಲಿನ ನಡುವೆ ಕೂಡಿಸಿದರು. ಕೆಳಗಣ ಸಾಲು ಮುಂದಿನ ನೆಲದಿಂದ ಒಂಬತ್ತು ಅಂಗುಲ ಮೇಲೆ, ಐದೈದು ಅಡಿಗೆ ಒಂದರಂತೆ ಆರು. ಮೇಲಣ ಸಾಲು ಅದಕ್ಕಿಂತ ಮೂರಡಿ ಎತ್ತರದಲ್ಲಿ, ಕೆಳಗಿನ ಎರಡೆರಡರ ನಡುವೆ ಬರುವಂತೆ ಐದು. ಪ್ರತಿಯೊಂದು ಪೈಪೂ ಹೊರಕ್ಕೆ ಅಡಿಗೆ ಅರ್ಧ ಅಂಗುಲದಷ್ಟು ಇಳಿಜಾರಾಗಿರಬೇಕು. ಕೆಲಸಗಾರರು ಅವಸರದಲ್ಲಿ ಅದನ್ನು ಮಟ್ಟವಾಗಿಯೋ ಒಳಕ್ಕೆ ಇಳಿಯುವಂತೆಯೋ ಇಟ್ಟುಬಿಟ್ಟರೆ ಅದು ಕಂಡಿಯಾಗದೆ ಬರಿಯ ಅಲಂಕಾರವಾಗುತ್ತದೆ. ಒಂದು ತಂಬಿಗೆ ನೀರನ್ನು ಒಳಗಿನಿಂದ ಸುರಿದು ಹೊರಗೆ ಬರುವುದನ್ನು ನೋಡಿಯೇ ಮುಂದಿನ ಸಾಲಿಗೆ ಹೋಗತಕ್ಕದ್ದು.

ಆದರೆ ಕಂಡಿಗಿಂತಲೂ ಅದರ ಹಿಂದೆ ಇರುವುದೇ ಮುಖ್ಯ. ಗೋಡೆಯ ಬೆನ್ನಿಗೆ ನೇರವಾಗಿ ಕೆಮ್ಮಣ್ಣನ್ನು ತುಂಬಿದರೆ, ಒಂದೆರಡು ಮಳೆಗಾಲಗಳಲ್ಲಿ ಅದು ಪೈಪಿನ ಬಾಯಿಗೆ ಬಂದು ಕೂತು ಕಂಡಿಯನ್ನು ಮುಚ್ಚುತ್ತದೆ, ಇಲ್ಲವೆ ತಾನೇ ನೀರಿನೊಡನೆ ಹರಿದುಹೋಗಿ ಅಂಗಳದಲ್ಲಿ ಗುಂಡಿ ಬೀಳುತ್ತದೆ. ನೆರೆಯವರ ಹಿತ್ತಲಿಗೆ ಹಿಂದೆ ಬರುತ್ತಿದ್ದ ಕೆಂಪು ನೀರಿಗೂ ಇದೇ ಮೂಲವಾಗಿತ್ತು. ಆದಕಾರಣ ಈ ಸಲ ಗೋಡೆಯ ಬೆನ್ನಿನುದ್ದಕ್ಕೂ, ಬುಡದಿಂದ ತಲೆಗೆ ಒಂದಡಿ ಕಡಮೆಯಾಗುವವರೆಗೆ, ಒಂದಡಿ ದಪ್ಪದ ಜಲ್ಲಿಯ ಪದರವನ್ನು ತುಂಬಿಸಿದೆವು. ಜಲ್ಲಿಗೂ ಮಣ್ಣಿಗೂ ನಡುವೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಎಂಬ ಬಟ್ಟೆಯನ್ನು ಹಾಸಿದರು. ಕಷಾಯವನ್ನು ಸೋಸುವ ಬಟ್ಟೆಯ ಕೆಲಸವನ್ನೇ ಅದು ಮಾಡುತ್ತದೆ. ಪ್ಲಾಸ್ಟಿಕ್ಕಿನ ಹಾಳೆಯನ್ನು ಅದರ ಬದಲಿಗೆ ಹಾಕಬಾರದು, ಅದರಲ್ಲಿ ನೀರು ಇಳಿಯದು.

ಜಲ್ಲಿಯ ಬುಡದಲ್ಲಿ, ಗೋಡೆಯ ಉದ್ದಕ್ಕೂ, ಮೈತುಂಬ ತೂತು ಕೊರೆದ ನಾಲ್ಕಂಗುಲದ ಪೈಪನ್ನು ಅದೇ ಬಟ್ಟೆಯಲ್ಲಿ ಸುತ್ತಿ ಮಲಗಿಸಿದೆವು. ಮೂವತ್ತಡಿಗೆ ನಾಲ್ಕಂಗುಲ ಇಳಿಯುವಂತೆ ಇಟ್ಟು, ತಗ್ಗಿನ ತುದಿಯನ್ನು ರಸ್ತೆಯ ಕಡೆಗೆ ಹೊರಬಿಟ್ಟೆವು. ಎತ್ತರದ ತುದಿಯನ್ನು ಬಾಗಿಸಿ ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿದೆವು. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ನಾಲ್ಕು ಕೊಡ ನೀರು ಸುರಿದರೆ ಒಳಗಿನ ಕೆಸರು ತೊಳೆದುಹೋಗುತ್ತದೆ. ಹೆಚ್ಚಿನ ನೀರು ಈ ಪೈಪಿನಲ್ಲಿಯೇ ಹೋಗಿಬಿಡುತ್ತದೆ. ಕಂಡಿಗಳು ಅದು ಸಾಲದಾದಾಗ ನೆರವಿಗೆ ಬರುತ್ತವೆ.

ಗೋಡೆಯ ಗಾರೆಯು ಬಲಿಯಲು ಮೂರು ವಾರ ಬಿಟ್ಟು, ಆಮೇಲೆ ಮಣ್ಣನ್ನು ಒಂದೊಂದು ಗೇಣು ದಪ್ಪಕ್ಕೆ ಹಾಕಿ, ಪ್ರತಿ ಪದರವನ್ನೂ ಕೈಯಿಂದಲೇ ದಮ್ಮಸು ಮಾಡಿಸಿದೆವು. ಯಂತ್ರವನ್ನು ತಂದು ಒಂದೇ ದಿನದಲ್ಲಿ ಎಂಟಡಿ ಮಣ್ಣನ್ನು ದೂಡುವುದು ಹಸಿ ಗೋಡೆಗೆ ಮಾರಕ. ಕೊನೆಯ ಒಂದಡಿಗೆ ಜಲ್ಲಿಯ ಮೇಲೆಯೂ ಜಿಗುಟು ಮಣ್ಣನ್ನು ಹಾಕಿ, ಅಂಗಳದ ನೀರು ಒಳಗಿಳಿಯದೆ ಪಕ್ಕಕ್ಕೆ ಹೋಗುವಂತೆ ಇಳಿಜಾರು ಮಾಡಿಸಿದೆವು. ಜಿಗುಟು ಮಣ್ಣಿಗೆ ಇರುವ ಸ್ಥಳ ಆ ಮೇಲಣ ಮುಚ್ಚಳವೊಂದೇ. ಗೋಡೆಯ ಬೆನ್ನಿಗೆ ಅದನ್ನು ತುಂಬಬಾರದು. ಎರೆಮಣ್ಣನ್ನಂತೂ ಹತ್ತಿರಕ್ಕೇ ತರಬಾರದು, ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು, ಅದು ವರ್ಷವರ್ಷವೂ ಗೋಡೆಯನ್ನು ತಳ್ಳುತ್ತದೆ.

ಇನ್ನುಳಿದುದು ವೃದ್ಧೆಯ ಸೌದೆಯ ದೂರು. ಗೋಡೆಯ ಮುಂದೆ ಒಂದು ಗೇಣಗಲದ ಸಿಮೆಂಟಿನ ಕಾಲುವೆಯನ್ನು ಮಾಡಿಸಿ, ಹನ್ನೊಂದು ಕಂಡಿಗಳ ನೀರೂ ಅದರಲ್ಲಿ ಬಿದ್ದು ರಸ್ತೆಯ ಚರಂಡಿಗೆ ಸೇರುವಂತೆ ಮಾಡಿದೆವು. ಬರಿಯ ಮಣ್ಣಿನ ಕಾಲುವೆಯಾದರೆ ನೀರು ಅಲ್ಲಿಯೇ ಇಂಗಿ ಮುಂಗಾಲಿನ ನೆಲವನ್ನು ಮೆತ್ತಗೆ ಮಾಡುತ್ತದೆ. ಈ ಕಾಲುವೆಯನ್ನು ದೂರು ಬಂದ ದಿನವೇ ಮಾಡಿಸಿದ್ದರೆ ಗೋಡೆಯ ಅರ್ಧ ಭಾಗದ ಗಿಲಾವಿನ ಖರ್ಚಿನಲ್ಲಿಯೇ ಆಗಿಹೋಗುತ್ತಿತ್ತು. ನೀರು ಎಲ್ಲಿ ಬೀಳುತ್ತದೆಂದು ಯೋಚಿಸದೆ, ಅದು ಹೊರಬರುವ ಬಾಯನ್ನೇ ಮುಚ್ಚಿದುದು ನಮ್ಮ ಬುದ್ಧಿವಂತಿಕೆ.

ಗೋಡೆಯಿರುವವರು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕಂಡಿಗಳಲ್ಲಿ ಉದ್ದನೆಯ ಕಡ್ಡಿಯನ್ನು ಆಡಿಸಿ ಬೇರು, ಕಸ, ಕಣಜದ ಗೂಡುಗಳನ್ನು ತೆಗೆಯಬೇಕು. ಹಾವಿನ ಭಯವಿರುವವರು ಕಂಡಿಯ ಬಾಯಿಗೆ ತಂತಿಯ ಜಾಲರಿಯನ್ನು ಕೂಡಿಸಬಹುದು, ಆದರೆ ಅದರಲ್ಲಿ ಎಲೆ ಸಿಕ್ಕಿಕೊಳ್ಳುವುದರಿಂದ ಆಗಾಗ್ಗೆ ತೆಗೆಯತಕ್ಕದ್ದು. ಜೋರು ಮಳೆಯ ಮಾರನೆಯ ದಿನ ಕಂಡಿಗಳನ್ನು ನೋಡಬೇಕು. ತಿಳಿನೀರು ಹನಿಯುತ್ತಿದ್ದರೆ ಆರೋಗ್ಯ. ಕೆಸರು ನೀರು ಬಿಡದೆ ಬರುತ್ತಿದ್ದರೆ ಹಿಂದಿನ ಸೋಸುವ ಪದರ ಕೆಟ್ಟಿದೆ. ನೆಲವೆಲ್ಲ ನೆನೆದಿದ್ದು ಕಂಡಿಗಳು ಮಾತ್ರ ಒಣಗಿದ್ದು, ಗೋಡೆಯ ಮೈಯಲ್ಲಿ ತೇವದ ಕಲೆಗಳೂ ಬಿಳಿಯ ಉಪ್ಪೂ ಕಂಡರೆ, ಅದೇ ಎಲ್ಲಕ್ಕಿಂತ ಹೆಚ್ಚಿನ ಅಪಾಯ: ನೀರು ಒಳಗೆ ನಿಂತಿದೆ. ಬಿರುಕುಗಳಿದ್ದಲ್ಲಿ ಅವುಗಳ ಮೇಲೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯನ್ನು ಎರಡು ತುದಿಗಳಲ್ಲಿ ಗಾರೆಯಿಂದ ಅಂಟಿಸಿ ದಿನಾಂಕ ಬರೆದಿಟ್ಟರೆ, ಗೋಡೆಯು ಅಲುಗಿದ ದಿನ ಗಾಜು ಒಡೆದು ತಿಳಿಸುತ್ತದೆ.

ಕಾಗದ ಬರೆದ ವಾಚಕರಿಗೆ ಕೊನೆಯದಾಗಿ ಒಂದು ಸೂಚನೆ. ನಾಲ್ಕಡಿಯೊಳಗಿನ ಗೋಡೆಯನ್ನು, ಗಟ್ಟಿ ನೆಲವಿದ್ದು ಮೇಲೂ ಕೆಳಗೂ ಮನೆಗಳಿಲ್ಲದಿದ್ದರೆ, ಅನುಭವವುಳ್ಳ ಮೇಸ್ತ್ರಿಗೆ ಬಿಡಬಹುದು. ಅದಕ್ಕಿಂತ ಎತ್ತರವಾದುದನ್ನು, ಅಥವಾ ಗೋಡೆಯ ಮೇಲೆಯೋ ಕೆಳಗೆಯೋ ಜನ ಮಲಗುವ ಮನೆಯಿರುವಲ್ಲಿ ಎಷ್ಟೇ ಗಿಡ್ಡದಾದುದನ್ನೂ, ಮಣ್ಣನ್ನು ಪರೀಕ್ಷಿಸಬಲ್ಲ ಇಂಜಿನಿಯರರಿಗೆ ತೋರಿಸದೆ ಕಟ್ಟಿಸಬಾರದು. ನಾವು ಮೇಲೆ ಕೊಟ್ಟ ಅಂಕಿಗಳು ನಮ್ಮ ಗೋಡೆಗೆ, ನಮ್ಮ ಮಣ್ಣಿಗೆ ಸಂಬಂಧಿಸಿದುವು. ಅವು ತತ್ತ್ವವನ್ನು ತಿಳಿಯುವುದಕ್ಕೆ ಮಾತ್ರ. ನಕಲು ಮಾಡುವುದಕ್ಕೆ ಅಲ್ಲ. ಇನ್ನು ಮನೆಯವರ ಆಕ್ಷೇಪಣೆಗೆ, ಈ ಲೇಖನವನ್ನು ಅವರೆದುರು ಓದಿ ಹೇಳಬೇಕೆಂದು ಕೋರುತ್ತೇವೆ.

ನಮ್ಮ ಮೇಸ್ತ್ರಿಯು ಜಗಲಿಯ ಮೇಲಿಟ್ಟ ಆರು ಸಿಮೆಂಟಿನ ಬಿರಡೆಗಳಲ್ಲಿ ಐದು ಇನ್ನೂ ಅಲ್ಲಿಯೇ ಇವೆ. ಅವು ಸುಮ್ಮನೆ ಬಿದ್ದಿವೆ. ಆರನೆಯದನ್ನು ನೆರೆಮನೆಯ ವೃದ್ಧೆಯು ಬೇಡಿ ತೆಗೆದುಕೊಂಡು ಹೋಗಿ, ಉಪ್ಪಿನಕಾಯಿಯ ಭರಣಿಯ ಮುಚ್ಚಳದ ಮೇಲೆ ಭಾರಕ್ಕಾಗಿ ಇಟ್ಟುಕೊಂಡಿದ್ದಾರೆ. ಮಳೆ ಹಿಡಿದ ದಿನಗಳಲ್ಲಿ ಬೆಳಿಗ್ಗೆ ಬೇಲಿಯ ಬಳಿ ಬಂದು, “ಮೇಷ್ಟ್ರೇ, ಹನ್ನೊಂದರಲ್ಲೂ ನೀರು ಬರುತ್ತಿದೆ” ಎಂದು ಅವರು ಕೂಗಿ ಹೇಳುತ್ತಾರೆ. ಅದನ್ನು ಕೇಳಿದ ಮೇಲೆಯೇ ನಾವು ಕಾಫಿಗೆ ಕುಳಿತುಕೊಳ್ಳುವುದು.